ಎರಡು ಫ್ರಿಜ್ಜು, ಮೂರು ಮನೆ

ಶ್ರಾವಣದ ಜಿಟಿಜಿಟಿ ಮಳೆ ಹಿಡಿದುಕೊಂಡಾಗ ನಮ್ಮ ಮನೆಯ ಫ್ರಿಜ್ಜಿಗೆ ಬೆವರಲು ಶುರುವಾಯಿತು. ಬಾಗಿಲಿನ ಅಂಚಿನುದ್ದಕ್ಕೂ ಹನಿ ಕಟ್ಟಿ, ಹನಿಗಳೆಲ್ಲ ಕೂಡಿ ಇಳಿದು, ನಸುಕಿನಲ್ಲಿ ಕಾಫಿಗೆ ಹಾಲು ತೆಗೆಯಲು ಹೋದ ನಾನು ಅಡುಗೆಮನೆಯ ನೆಲದ ಮೇಲೆ ಯಾವ ಹರಕೆಯೂ ಇಲ್ಲದೆ ದೀರ್ಘದಂಡ ನಮಸ್ಕಾರ ಹಾಕಿದೆ. ಹಾಲಿನ ಪಾತ್ರೆ ಕೈಯಲ್ಲೇ ಉಳಿಯಿತು, ಮೊಣಕೈ ಮಾತ್ರ ಊದಿತು. ಸದ್ದು ಕೇಳಿ ಓಡಿ ಬಂದ ನಮ್ಮಾಕೆ ಮೊದಲು ನೋಡಿದ್ದು ಹಾಲನ್ನು, ಆಮೇಲೆ ಫ್ರಿಜ್ಜನ್ನು. ನನ್ನ ಸರದಿ ಮೂರನೆಯದು. ಸಂಸಾರದಲ್ಲಿ ಹಿರಿತನ ಹೀಗೆಯೇ ನಿರ್ಧಾರವಾಗುವುದು.

ಸಂಜೆ ನನ್ನ ಭಾವಮೈದ ಬಂದ. ವೈರಿಂಗ್ ಕೆಲಸ ಬಲ್ಲವನು. ಫ್ರಿಜ್ಜಿನ ಎದುರು ಕುಕ್ಕರುಗಾಲಲ್ಲಿ ಕೂತು, "ಭಾವ, ಹತ್ತು ರೂಪಾಯಿ ನೋಟು ಕೊಡಿ" ಎಂದ. ಫೀಸು ಬಹಳ ಕಡಿಮೆಯಾಯಿತಲ್ಲ ಎಂದು ಖುಷಿಯಿಂದಲೇ ಕೊಟ್ಟೆ. ಅವನು ನೋಟನ್ನು ಬಾಗಿಲ ಸಂದಿಗೆ ಅರ್ಧ ಸಿಕ್ಕಿಸಿ, ಬಾಗಿಲು ಮುಚ್ಚಿ, ಎರಡು ಬೆರಳಲ್ಲಿ ಎಳೆದ. ಬೆಣ್ಣೆಯೊಳಗಿನಿಂದ ಬಂದಹಾಗೆ ಬಂತು. "ರಬ್ಬರ್ ಹಿಡಿತ ಬಿಟ್ಟಿದೆ. ಸರಿಯಾಗಿದ್ದರೆ ನೋಟು ಬಿಗಿಯಾಗಿ ಎಳೆಸಿಕೊಳ್ಳಬೇಕು. ಹೊರಗಿನ ತೇವದ ಗಾಳಿ ಒಳಗೆ ನುಗ್ಗುತ್ತಿದೆ, ಅದಕ್ಕೇ ಬೆವರು. ಒಳಗೆ ತಣ್ಣಗಾಗದೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದೆ" ಎಂದ. ರಬ್ಬರ್ ಒಂದನ್ನೇ ಬದಲಾಯಿಸಿದರೆ ಸಾಕಿತ್ತು. ಆದರೆ ನಮ್ಮದು ಹಳೇ ಮಾಡೆಲ್ಲು, ಅದರ ಅಳತೆಯ ರಬ್ಬರ್ ಈಗ ಬರುವುದಿಲ್ಲವಂತೆ. ನೋಟನ್ನು ಅವನು ನನಗೆ ವಾಪಸು ಕೊಡಲಿಲ್ಲ ಎಂಬುದನ್ನೂ ದಾಖಲೆಗಾಗಿ ಬರೆದಿಡುತ್ತೇನೆ.

ಹೋಗುವ ಮುಂಚೆ ಅವನು ಇನ್ನೊಂದು ಉಪಕಾರ ಮಾಡಿದ. ಪ್ಲಗ್ಗಿಗೂ ಗೋಡೆಯ ಸಾಕೆಟ್ಟಿಗೂ ನಡುವೆ ಒಂದು ಪುಟ್ಟ ಮೀಟರು ಸಿಕ್ಕಿಸಿದ. ಅಂಗೈಯಗಲದ ಡಬ್ಬಿ, ಅದರ ಮೇಲೊಂದು ಪುಟ್ಟ ಪರದೆ. ಆ ಫ್ರಿಜ್ಜು ಒಂದೇ ಎಷ್ಟು ಕರೆಂಟು ತಿನ್ನುತ್ತಿದೆ ಎಂದು ಅದು ಕೂಡಿಸುತ್ತಾ ಹೋಗುತ್ತದೆ. "ಈಗಲೇ ನೋಡಬೇಡಿ ಭಾವ. ಕಂಪ್ರೆಸರ್ ಓಡುವಾಗ ಒಂದು ಅಂಕಿ ತೋರಿಸುತ್ತೆ, ನಿಂತಾಗ ಸೊನ್ನೆಗೆ ಹತ್ತಿರ ತೋರಿಸುತ್ತೆ, ಮಂಜು ಕರಗಿಸುವ ಹೀಟರ್ ಹತ್ತಿದರೆ ಮತ್ತೆ ಹಾರುತ್ತೆ. ವಾರ ಬಿಟ್ಟು ಒಟ್ಟು ಯೂನಿಟ್ ನೋಡಿ, ದಿನಕ್ಕೆ ಭಾಗಿಸಿ" ಎಂದ. ಹಾಗೆ ಮಾಡಿದಾಗ ಬಂದ ಉತ್ತರ ದಿನಕ್ಕೆ 1.1 ಯೂನಿಟ್. ತಿಂಗಳಿಗೆ 33, ವರ್ಷಕ್ಕೆ ಹೆಚ್ಚುಕಡಿಮೆ 400.

ಇಂಥ ಮೀಟರು ಇಲ್ಲದವರು ಬೇಸರಪಡಬೇಕಿಲ್ಲ. ನೆಂಟರ ಮನೆಯ ಮದುವೆಗೆ ಊರಿಗೆ ಹೋಗುವಾಗ ಫ್ರಿಜ್ಜೊಂದನ್ನು ಬಿಟ್ಟು ಉಳಿದೆಲ್ಲ ಸ್ವಿಚ್ಚು ಆರಿಸಿ, ಬೆಸ್ಕಾಂ ಮೀಟರಿನ ಅಂಕಿಯ ಫೋಟೋ ತೆಗೆದುಕೊಂಡು ಹೋಗಬೇಕು. ಬಂದ ಕೂಡಲೇ ಇನ್ನೊಂದು ಫೋಟೋ. ನಡುವಿನದೆಲ್ಲ ಫ್ರಿಜ್ಜಿನದೇ. ಬಾಗಿಲು ತೆಗೆಯುವವರು ಯಾರೂ ಇಲ್ಲದ್ದರಿಂದ ಉತ್ತರ ತುಸು ಕಡಿಮೆ ಬರುತ್ತದೆ, ಅಷ್ಟೆ. ನಮ್ಮ ಮನೆಯಲ್ಲಿ ಒಬ್ಬ ಸುಪುತ್ರನಿದ್ದಾನೆ. ಅವನು ತಿನ್ನಲು ಏನಿದೆ ಎಂದು ಯೋಚಿಸುವುದೇ ಫ್ರಿಜ್ಜಿನ ಬಾಗಿಲು ತೆರೆದುಕೊಂಡು. ತಪಸ್ಸಿಗೆ ನಿಂತವನಂತೆ ಆ ಬೆಳಕಿನೆದುರು ನಿಂತು, ಕೊನೆಗೆ ಏನೂ ತೆಗೆಯದೆ ಮುಚ್ಚುತ್ತಾನೆ.

ನಮ್ಮದು ಯಲಹಂಕ ಉಪನಗರ. ಇಲ್ಲಿ ಯಾರ ಮನೆಯಲ್ಲಿ ಏನೇ ಕೆಟ್ಟರೂ ಸಂಜೆಯ ವಾಕಿಂಗಿಗೆ ಮುಂಚೆ ಬೀದಿಗೆಲ್ಲ ತಿಳಿದಿರುತ್ತದೆ. ಎದುರು ಮನೆಯ ನಿವೃತ್ತ ಮೇಷ್ಟ್ರು ಗೇಟಿನಲ್ಲೇ ನಿಲ್ಲಿಸಿದರು. "ಫ್ರಿಜ್ಜು ತಗೊಳ್ತೀರಂತೆ. ನಮ್ಮದಕ್ಕೂ ವಯಸ್ಸಾಯಿತು, ನನಗೂ ಒಂದು ನೋಡಿ ಬನ್ನಿ ಸ್ವಾಮಿ. ಆದರೆ ಹುಷಾರು, ಅದು ಕರೆಂಟ್ ಕುಡಿಯುವ ರಾಕ್ಷಸ. ಹಿಂಬದಿಯ ತಗಡಿನ ಮೇಲೆ 180 ವಾಟ್ ಅಂತ ಬರೆದಿದೆ. ಇಪ್ಪತ್ತನಾಲ್ಕು ಗಂಟೆಯಿಂದ ಗುಣಿಸಿ. ತಿಂಗಳಿಗೆ ಹತ್ತಿರ ಹತ್ತಿರ 130 ಯೂನಿಟ್ ಆಗುತ್ತೆ!" ಅವರು ಗಣಿತದ ಮೇಷ್ಟ್ರು. ಗುಣಾಕಾರ ತಪ್ಪುವುದಿಲ್ಲ. ನಾನು ಮೆಲ್ಲಗೆ, "ನಿಮ್ಮ ಮನೆಯ ಬಿಲ್ಲು ತಿಂಗಳಿಗೆ ಎಷ್ಟು ಯೂನಿಟ್ ಬರುತ್ತೆ ಮೇಷ್ಟ್ರೇ?" ಎಂದೆ. "ಐವತ್ತೆಂಟು" ಎಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಯಲಹಂಕ ಕೆರೆಯ ಕಡೆಯಿಂದ ಹಾರಿ ಬರುತ್ತಿದ್ದ ಬೆಳ್ಳಕ್ಕಿಗಳನ್ನು ನೋಡಿದೆವು. ತಗಡಿನ ಮೇಲಿರುವುದು ಯಂತ್ರ ಪೂರ್ತಿ ಬಲ ಹಾಕಿದಾಗ ಎಳೆಯುವ ಕರೆಂಟು. ಫ್ರಿಜ್ಜು ದಿನವಿಡೀ ಹಾಗೆ ದುಡಿಯುವುದಿಲ್ಲ. ಒಳಗೆ ತಣ್ಣಗಾದ ಮೇಲೆ ಕಂಪ್ರೆಸರ್ ಸುಮ್ಮನಾಗುತ್ತದೆ, ಇನ್ವರ್ಟರ್ ಬಗೆಯದಾದರೆ ನಿಧಾನವಾಗುತ್ತದೆ. ಆದ್ದರಿಂದ ತಗಡಿನ ವಾಟಿನಿಂದ ತಿಂಗಳ ಯೂನಿಟ್ಟನ್ನು ಲೆಕ್ಕ ಹಾಕಲು ಆಗದು.

ಭಾನುವಾರ ನಾನೂ ನಮ್ಮಾಕೆಯೂ ಆರ್.ಟಿ. ನಗರಕ್ಕೆ ಹೊರಟೆವು. ಯಲಹಂಕದಲ್ಲೇ ಅಂಗಡಿಗಳಿಲ್ಲವೇ ಎಂದರೆ, ಇವೆ. ಆದರೆ ದೂರ ಹೋದಷ್ಟೂ ಬೆಲೆ ಇಳಿಯುತ್ತದೆ ಎಂಬುದು ನಮ್ಮಾಕೆಯ ಸಿದ್ಧಾಂತ. ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ನಿಂತ ಹೊತ್ತಿನ ಬೆಲೆಯನ್ನು ಆ ಸಿದ್ಧಾಂತ ಹಿಡಿಯುವುದಿಲ್ಲ. ಹೆಬ್ಬಾಳದಲ್ಲೇ ಅಪಾರ್ಟ್‌ಮೆಂಟಿನಲ್ಲಿರುವ ನಮ್ಮ ಸೋದರಳಿಯ ಜೊತೆಗೂಡಿದ. ಅವನಿಗೂ ಫ್ರಿಜ್ಜು ಬೇಕಿತ್ತು. ಹೀಗೆ ಒಂದೇ ಅಂಗಡಿಗೆ ಮೂರು ಮನೆಯ ಫ್ರಿಜ್ಜು ನೋಡಲು ಹೋದಂತಾಯಿತು. ನಮ್ಮ ಮನೆಯದು, ಮೇಷ್ಟ್ರ ಮನೆಯದು, ಸೋದರಳಿಯನದು.

ಅಂಗಡಿಯ ಹುಡುಗ ನಮ್ಮನ್ನು ಎರಡು ಪೆಟ್ಟಿಗೆಗಳ ಮುಂದೆ ನಿಲ್ಲಿಸಿದ. ಎರಡೂ ಒಂದೇ ಎತ್ತರ, ಎರಡೆರಡು ಬಾಗಿಲು, ಸುಮಾರು 250 ಲೀಟರ್, ಮಂಜು ಕಟ್ಟದ ಬಗೆ. ಕೆಂಪು ಬಣ್ಣದ್ದಕ್ಕೆ ಎರಡು ಸ್ಟಾರ್, 24,500 ರೂಪಾಯಿ. ಬೂದು ಬಣ್ಣದ್ದಕ್ಕೆ ಮೂರು ಸ್ಟಾರ್, ಒಳಗೆ ಇನ್ವರ್ಟರ್ ಕಂಪ್ರೆಸರ್, 29,500 ರೂಪಾಯಿ. "ಬೂದು ತಗೊಳ್ಳಿ ಸಾರ್. ಸ್ಟಾರ್ ಜಾಸ್ತಿ. ಹೆಚ್ಚು ಕೊಟ್ಟ ದುಡ್ಡು ಕರೆಂಟ್ ಬಿಲ್ಲಲ್ಲೇ ಎರಡು ವರ್ಷಕ್ಕೆ ವಾಪಸ್ ಬಂದ್ಬಿಡುತ್ತೆ" ಎಂದ ಹುಡುಗ. ನಮ್ಮಾಕೆ ತರಕಾರಿ ಡಬ್ಬ ಎಳೆದು ಎಷ್ಟು ಕಟ್ಟು ಸೊಪ್ಪು ಹಿಡಿದೀತು ಎಂದು ಕಣ್ಣಳತೆ ಹಾಕುತ್ತಿದ್ದಳು. ಸೋದರಳಿಯ ಬಾಗಿಲಿನ ಬಣ್ಣದಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ. ನಾನು ಕನ್ನಡಕ ಹಣೆಗೇರಿಸಿ ಸ್ಟಾರ್ ಚೀಟಿಗೆ ಮೂಗು ತಾಗಿಸಿದೆ.

ಆ ಚೀಟಿಯನ್ನು ಅಂಟಿಸುವಂತೆ ಮಾಡಿದ್ದು ಕೇಂದ್ರ ಸರ್ಕಾರದ ಇಂಧನ ದಕ್ಷತೆ ಬ್ಯೂರೋ. 2006ರಲ್ಲಿ ಇಚ್ಛೆಯಿದ್ದವರು ಅಂಟಿಸಲಿ ಎಂದು ಶುರುವಾಯಿತು. ಮಂಜು ಕಟ್ಟದ ಫ್ರಿಜ್ಜುಗಳಿಗೆ 2010ರಿಂದ ಕಡ್ಡಾಯವಾಯಿತು. ಎಲ್ಲರೂ ಅದರಲ್ಲಿ ನಕ್ಷತ್ರ ಎಣಿಸುತ್ತಾರೆ. ಎಣಿಸಬೇಕಾದ್ದು ನಕ್ಷತ್ರವಲ್ಲ, ಕೆಳಗೆ ಬರೆದಿರುವ ವರ್ಷದ ಯೂನಿಟ್. ನಕ್ಷತ್ರ ಕೊಡುವಾಗ ಫ್ರಿಜ್ಜಿನ ಗಾತ್ರವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಮೂರು ಸ್ಟಾರಿನ ದೊಡ್ಡ ಫ್ರಿಜ್ಜು ಎರಡು ಸ್ಟಾರಿನ ಚಿಕ್ಕದಕ್ಕಿಂತ ಹೆಚ್ಚು ತಿನ್ನಬಹುದು. ಜೊತೆಗೆ ಅಳತೆಗೋಲು ಕಾಲಕಾಲಕ್ಕೆ ಬಿಗಿಯಾಗುತ್ತದೆ. 2023ರ ಜನವರಿಯಲ್ಲಿ ಹೀಗೆ ಬಿಗಿಯಾದಾಗ ಹಿಂದಿನ ವರ್ಷದ ಸ್ಟಾರು ಎಷ್ಟೋ ಮಾಡೆಲ್ಲುಗಳಿಗೆ ಉಳಿಯಲಿಲ್ಲ. ಅದಕ್ಕೇ ಚೀಟಿಯ ಮೇಲಿನ ಇಸವಿಯನ್ನೂ ನೋಡಬೇಕು. ಗೋಡೌನಿನಲ್ಲಿ ಉಳಿದ ಹಳೇ ಸರಕಿನ ಮೂರು ಸ್ಟಾರೂ ಹೊಸ ಸರಕಿನ ಮೂರು ಸ್ಟಾರೂ ಒಂದೇ ಅಲ್ಲ.

ಕೆಂಪಿನ ಚೀಟಿಯಲ್ಲಿ ವರ್ಷಕ್ಕೆ 236 ಯೂನಿಟ್. ಬೂದಿನಲ್ಲಿ 176. ಅಂತರ 60, ಅಂದರೆ ತಿಂಗಳಿಗೆ 5 ಯೂನಿಟ್.

ಈ ಅಂಕಿಯನ್ನು ಎಷ್ಟು ನಂಬಬೇಕು? ಅದು ಪ್ರಯೋಗಾಲಯದಲ್ಲಿ, ಸುತ್ತ 32 ಡಿಗ್ರಿ ಶಾಖವಿಟ್ಟು ಅಳೆದದ್ದು. ನಮ್ಮ ಬೆಂಗಳೂರಿನಲ್ಲಿ ವರ್ಷದ ಬಹುಭಾಗ ಅಷ್ಟು ಸೆಖೆಯಿಲ್ಲ. ಅದು ನಮಗೆ ಲಾಭ. ಆದರೆ ಪ್ರಯೋಗಾಲಯದಲ್ಲಿ ಬಿಸಿ ಸಾರಿನ ಪಾತ್ರೆಯನ್ನು ಹಾಗೇ ಒಳಗಿಡುವವರಿಲ್ಲ, ಬಾಗಿಲು ತೆರೆದು ತಪಸ್ಸು ಮಾಡುವ ಸುಪುತ್ರರಿಲ್ಲ, ಫ್ರಿಜ್ಜಿಗೆ ಚಳಿಯಾದೀತೆಂದು ಮೂರು ಕಡೆಯೂ ಪ್ಲಾಸ್ಟಿಕ್ ಹೊದಿಕೆ ಹೊದಿಸುವ ಗೃಹಿಣಿಯರಿಲ್ಲ. ಹೊಸ ಮಾಡೆಲ್ಲುಗಳಲ್ಲಿ ಹಿಂದಿನ ಕಪ್ಪು ಜಾಲರಿ ಕಾಣುವುದಿಲ್ಲ. ಶಾಖ ಬಿಡುವ ಕೊಳವೆ ಪಕ್ಕದ ಗೋಡೆಗಳೊಳಗೇ ಇರುತ್ತದೆ. ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಆ ಪಕ್ಕಗಳನ್ನು ಹೊದಿಸಿದರೆ, ಇಲ್ಲವೇ ಗೋಡೆಗೆ ಒತ್ತಿ ನಿಲ್ಲಿಸಿದರೆ, ಶಾಖ ಹೋಗಲು ದಾರಿಯಿಲ್ಲದೆ ಕಂಪ್ರೆಸರ್ ಒದ್ದಾಡುತ್ತದೆ. ಹೀಗೆ ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಕೂಡುತ್ತದೆ. ಏನೇ ಆಗಲಿ, ಕೆಂಪು ಬಂದರೂ ಬೂದು ಬಂದರೂ ಅದೇ ಅಡುಗೆಮನೆ, ಅದೇ ಸುಪುತ್ರ. ಹಾಗಾಗಿ ಒಂದನ್ನು ಇನ್ನೊಂದರ ಪಕ್ಕ ಇಟ್ಟು ತೂಗಲು ಚೀಟಿಯ ಅಂಕಿ ಸಾಕು.

ಇನ್ನು ಯೂನಿಟ್ಟಿನ ಬೆಲೆ. 2025ರ ಏಪ್ರಿಲ್‌ನಲ್ಲಿ ಮನೆಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಎಂದಾಯಿತು. ಅದರ ಮೇಲೆ ಶೇ 9ರ ವಿದ್ಯುತ್ ತೆರಿಗೆ. ಜೊತೆಗೆ ಆ ವರ್ಷ ನೌಕರರ ಪಿಂಚಣಿ, ಗ್ರಾಚ್ಯುಟಿಯ ಬಾಬ್ತು ಯೂನಿಟ್ಟಿಗೆ 36 ಪೈಸೆ. ಕೂಡಿದರೆ 6 ರೂಪಾಯಿ 70 ಪೈಸೆಯ ಆಸುಪಾಸು. ತಿಂಗಳು ತಿಂಗಳೂ ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕ ಬೇರೆ. ಲೆಕ್ಕ ಸುಲಭವಾಗಲೆಂದು 7 ರೂಪಾಯಿ ಎಂದಿಟ್ಟುಕೊಳ್ಳೋಣ. ಕಿಲೋವಾಟಿಗೆ ಇಷ್ಟೆಂದು ಬರುವ ನಿಗದಿತ ಶುಲ್ಕವನ್ನು ಇಲ್ಲಿ ಸೇರಿಸಬೇಕಾಗಿಲ್ಲ. ಯಾವ ಫ್ರಿಜ್ಜು ತಂದರೂ ಅದು ಅಷ್ಟೇ.

ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನು. ಅಂಗಡಿಯ ಸ್ಟೂಲಿನ ಮೇಲೆ ಕೂತು, ಬಿಲ್ ಪುಸ್ತಕದ ರಟ್ಟಿನ ಹಿಂದೆ ಹತ್ತು ವರ್ಷದ ಲೆಕ್ಕ ಬರೆದೆ. ಕೆಂಪು ಹತ್ತು ವರ್ಷಕ್ಕೆ 2,360 ಯೂನಿಟ್, ಅಂದರೆ 16,520 ರೂಪಾಯಿ. ಕೊಂಡ ಬೆಲೆ ಕೂಡಿಸಿದರೆ 41,020. ಬೂದು 1,760 ಯೂನಿಟ್, 12,320 ರೂಪಾಯಿ. ಬೆಲೆ ಕೂಡಿಸಿದರೆ 41,820. ಎರಡೆರಡು ಸಲ ಕೂಡಿಸಿದೆ. ಹುಡುಗ ಹೇಳಿದ ಎರಡು ವರ್ಷ ಎಲ್ಲಿ? ಹತ್ತು ವರ್ಷ ಕಳೆದರೂ ಬೂದು ಇನ್ನೂ 800 ರೂಪಾಯಿ ಬಾಕಿ ಇಟ್ಟುಕೊಂಡಿದೆ!

ಬ್ಯಾಂಕಿನವನ ಚಟ ಅಲ್ಲಿಗೇ ನಿಲ್ಲಲಿಲ್ಲ. ಕೆಂಪು ಕೊಂಡು ಉಳಿಸಿದ 5,000ವನ್ನು ಶೇ 6ರ ಠೇವಣಿಯಲ್ಲಿಟ್ಟರೆ ಹತ್ತು ವರ್ಷಕ್ಕೆ ಸುಮಾರು 9,000 ಆಗುತ್ತದೆ. ಬೂದು ಕೊಂಡು ವರ್ಷಕ್ಕೆ ಉಳಿಯುವ 420ನ್ನು ಅದೇ ದರದಲ್ಲಿ ಕೂಡಿಡುತ್ತಾ ಹೋದರೆ 5,500. ಅಲ್ಲೂ ಕೆಂಪೇ ಮುಂದೆ. "ಆದರೆ ಮಾವ, ಕರೆಂಟ್ ರೇಟ್ ಏರುತ್ತಾನೇ ಇರುತ್ತಲ್ಲ?" ಎಂದ ಸೋದರಳಿಯ. ಎಲ್ಲರೂ ಹಾಗೇ ಅಂದುಕೊಂಡಿರುತ್ತೇವೆ. 2023ರಲ್ಲಿ ತಿಂಗಳಿಗೆ 100 ಯೂನಿಟ್ ದಾಟಿದ ಮನೆಗೆ ದರ ಯೂನಿಟ್ಟಿಗೆ 7 ರೂಪಾಯಿ ಇತ್ತು. 2024ರಲ್ಲಿ ಎಲ್ಲರಿಗೂ 5 ರೂಪಾಯಿ 90 ಪೈಸೆ ಎಂದಾಯಿತು. ಮರುವರ್ಷ ಇನ್ನೂ 10 ಪೈಸೆ ಇಳಿಯಿತು. ಯೂನಿಟ್ಟು, ತೆರಿಗೆ ಎಲ್ಲ ಸೇರಿ ಹತ್ತು ವರ್ಷದ ಸರಾಸರಿ 8 ರೂಪಾಯಿ 33 ಪೈಸೆ ದಾಟಿದರೆ ಮಾತ್ರ ಬೂದು ತನ್ನ ಹೆಚ್ಚಿನ ಬೆಲೆಯನ್ನು ತೀರಿಸುತ್ತದೆ. ದಾಟಬಹುದು, ದಾಟದೆಯೂ ಇರಬಹುದು.

ರಿಪೇರಿಯ ಮಾತನ್ನೂ ಆಡಿಬಿಡಬೇಕು. ಎರಡರ ಮೇಲೂ "10 ವರ್ಷ ವಾರಂಟಿ" ಎಂದು ದಪ್ಪಕ್ಷರದಲ್ಲಿತ್ತು. ಪಕ್ಕದಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ, ಅದು ಕಂಪ್ರೆಸರಿಗೆ ಮಾತ್ರ, ಉಳಿದದ್ದಕ್ಕೆ ಒಂದೇ ವರ್ಷ ಎಂದಿತ್ತು. ಫ್ಯಾನು, ಹೀಟರು, ಬಾಗಿಲ ರಬ್ಬರು, ಗ್ಯಾಸು ಇವೆಲ್ಲ ಕೆಟ್ಟರೆ ನಮ್ಮ ಜೇಬು. ಬೂದಿನಲ್ಲಿ ಇವುಗಳ ಜೊತೆ ಇನ್ವರ್ಟರನ್ನು ಆಡಿಸುವ ಒಂದು ಎಲೆಕ್ಟ್ರಾನಿಕ್ ಬೋರ್ಡೂ ಇರುತ್ತದೆ. ಅದು ಒಮ್ಮೆ ಸುಟ್ಟರೆ ನಾಲ್ಕಂಕಿಯ ಬಿಲ್ಲು ಬರುತ್ತದೆ, ಹತ್ತು ವರ್ಷದ ಉಳಿತಾಯ ಒಂದೇ ಮಧ್ಯಾಹ್ನ ಹೋಗುತ್ತದೆ. ಗುಡುಗು ಮಿಂಚಿನ ಸಂಜೆ ಕರೆಂಟು ಹೋಗಿ ಹೋಗಿ ಬರುವ ಬಡಾವಣೆಗಳಲ್ಲಿ ಈ ಭಯ ಇದ್ದದ್ದೇ.

ಹಾಗಾದರೆ ಎಲ್ಲರೂ ಕೆಂಪನ್ನೇ ಕೊಳ್ಳಬೇಕೇ? ಸೋದರಳಿಯನ ಮನೆಯ ಮಟ್ಟಿಗೆ ಲೆಕ್ಕ ಇಲ್ಲಿಗೇ ಮುಗಿಯುತ್ತದೆ. ಅವನದು ಎ.ಸಿ. ಇರುವ ಮನೆ, ತಿಂಗಳಿಗೆ 330 ಯೂನಿಟ್. ಪ್ರತಿ ಯೂನಿಟ್ಟಿಗೂ ಪೂರ್ತಿ ದುಡ್ಡು ಕೊಡುವವನು. ಅವನಿಗೆ ಎರಡೂ ಫ್ರಿಜ್ಜು ಹೆಚ್ಚುಕಡಿಮೆ ಸಮ. ಬಾಗಿಲಿನಲ್ಲಿ ಮುಖ ಚೆನ್ನಾಗಿ ಕಾಣುವುದನ್ನು ಕೊಳ್ಳಲಿ. ಆದರೆ ನಮ್ಮ ಬೀದಿಯ ಉಳಿದವರಿಗೆ ಈ ಲೆಕ್ಕದೊಳಗೆ ಇನ್ನೊಬ್ಬರು ಬಂದು ಕೂತಿದ್ದಾರೆ. ಅದೇ ಗೃಹಜ್ಯೋತಿ.

2023ರ ಆಗಸ್ಟಿನಿಂದ ಸೊನ್ನೆ ಬಿಲ್ಲು ಬರತೊಡಗಿದಾಗ ನಾವೆಲ್ಲ 200 ಯೂನಿಟ್ ಉಚಿತ ಎಂದೇ ಹೇಳಿಕೊಂಡು ತಿರುಗಿದೆವು. ವಿಷಯ ಅಷ್ಟು ನೇರವಲ್ಲ. ನಮ್ಮ ಮನೆ 2022–23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇ 10 ಸೇರಿಸಿದರೆ ಎಷ್ಟೋ, ಅಷ್ಟು ನಮ್ಮ ಪಾಲಿನ ಉಚಿತ. ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಕೊಟ್ಟರು. ನಮ್ಮ ಪಾಲನ್ನು ದಾಟಿ 200ರೊಳಗೆ ಇದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳು ಉಚಿತವೆಂಬುದೇ ಇಲ್ಲ, ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್ಲು.

ಈಗ ಮೇಷ್ಟ್ರ ಮನೆಗೆ ಬನ್ನಿ. ಗಂಡ ಹೆಂಡತಿ ಇಬ್ಬರೇ. ಆಗಿನ ಸರಾಸರಿ 60, ಅವರ ಪಾಲು 66. ಫ್ರಿಜ್ಜು ಬಿಟ್ಟರೆ ಉಳಿದದ್ದೆಲ್ಲ ಸೇರಿ 38 ಯೂನಿಟ್. ಕೆಂಪು ತಂದರೆ ತಿಂಗಳಿಗೆ 20 ಸೇರಿ 58, ಬೂದು ತಂದರೆ 15 ಸೇರಿ 53. ಎರಡಕ್ಕೂ ಬಿಲ್ಲು ಸೊನ್ನೆಯೇ. ಅವರ ಮನೆಯಲ್ಲಿ ಹತ್ತು ವರ್ಷದ ಕರೆಂಟಿನ ಖರ್ಚು ಎರಡು ಫ್ರಿಜ್ಜಿಗೂ ಇಲ್ಲ. ಉಳಿಯುವುದು ಅಂಗಡಿಯ ಬೆಲೆಯೊಂದೇ. ಅಲ್ಲಿ ಕೆಂಪು ಸಲೀಸಾಗಿ 5,000 ಕಡಿಮೆ. ಆ ಕರೆಂಟಿನ ದುಡ್ಡನ್ನು ಸರ್ಕಾರ ಕಟ್ಟುತ್ತದೆ, ಅಂದರೆ ಸುತ್ತಿ ಬಳಸಿ ನಾವೇ ಕಟ್ಟುತ್ತೇವೆ ಎನ್ನುವುದು ಬೇರೆ ಮಾತು. ಫೋನಿನಲ್ಲಿ ಇದನ್ನು ವಿವರಿಸಿದಾಗ ಮೇಷ್ಟ್ರು, "ಹಾಗಾದರೆ ಆ ರಾಕ್ಷಸ ನನ್ನ ಮನೆಯದನ್ನು ಕುಡಿಯುತ್ತಿಲ್ಲ ಅನ್ನಿ" ಎಂದು ನಿಟ್ಟುಸಿರುಬಿಟ್ಟರು.

ನಮ್ಮ ಮನೆಯ ಕಥೆ ಮಾತ್ರ ಬೇಲಿಯ ಮೇಲೆ ಕೂತದ್ದು. ಆಗಿನ ಸರಾಸರಿ 160, ನಮ್ಮ ಪಾಲು 176. ಆಮೇಲೆ ಮಗ ಮನೆಯಿಂದಲೇ ಕೆಲಸ ಮಾಡತೊಡಗಿ, ಫ್ರಿಜ್ಜು ಬಿಟ್ಟೇ 160 ಆಗುತ್ತಿದೆ. ಸಾಧಾರಣ ತಿಂಗಳಲ್ಲಿ ಕೆಂಪು ತಂದರೆ 180. ನಾಲ್ಕು ಯೂನಿಟ್ ಹೆಚ್ಚು, 28 ರೂಪಾಯಿ, ಕೊಟ್ಟರಾಯಿತು. ಬೂದು ತಂದರೆ 175, ಸೊನ್ನೆ ಬಿಲ್ಲು. ಇಲ್ಲಿಯವರೆಗೂ ಅಂಥ ವ್ಯತ್ಯಾಸವೇನಿಲ್ಲ. ಮಾರ್ಚ್, ಏಪ್ರಿಲ್, ಮೇ ಬರಲಿ. ಫ್ಯಾನು, ಕೂಲರು ಎಲ್ಲ ಸೇರಿ ಫ್ರಿಜ್ಜಿಲ್ಲದೆಯೇ 182. ಕೆಂಪು ಸೇರಿದರೆ 202. ಎರಡೇ ಎರಡು ಯೂನಿಟ್ಟಿನಿಂದ ಗೆರೆ ದಾಟಿತು, ಬಿಲ್ಲು ಸುಮಾರು 1,400, ನಿಗದಿತ ಶುಲ್ಕ ಮೇಲೆ. ಬೂದು ಸೇರಿದರೆ 197. ಪಾಲಿಗಿಂತ 21 ಯೂನಿಟ್ ಹೆಚ್ಚು, ಸುಮಾರು 150 ರೂಪಾಯಿ. ಒಂದೇ ತಿಂಗಳಲ್ಲಿ 1,250 ರೂಪಾಯಿಯ ಅಂತರ! ಬೇಸಿಗೆಯ ಮೂರು ತಿಂಗಳೂ ಹೀಗಾದರೆ, ಸಾಧಾರಣ ತಿಂಗಳುಗಳ 28 ರೂಪಾಯಿಯನ್ನೂ ಸೇರಿಸಿ ವರ್ಷಕ್ಕೆ 4,000. ಹೆಚ್ಚು ಕೊಟ್ಟ 5,000 ಒಂದೂಕಾಲು ವರ್ಷದಲ್ಲಿ ತೀರಿಹೋಯಿತು. ಅಂಗಡಿಯ ಹುಡುಗ ಹೇಳಿದ್ದು ನಮ್ಮ ಮನೆಯ ಮಟ್ಟಿಗೆ ನಿಜವಾಯಿತು, ಅದೂ ಅವನಿಗೆ ಗೊತ್ತಿಲ್ಲದ ಕಾರಣಕ್ಕೆ.

ಹೀಗೆ ಒಂದೇ ಜೋಡಿ ಫ್ರಿಜ್ಜಿಗೆ ಮೂರು ಮನೆಯಲ್ಲಿ ಮೂರು ಉತ್ತರ. ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಹೊರಗೆ ತೆಗೆಯಬೇಕಾದ್ದು ಪರ್ಸನ್ನಲ್ಲ, ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು. ಬಿಸಿಲಿಗೆ ಮಾಸಿ ಅಕ್ಷರ ಅಳಿಸಿಹೋಗುವ ಆ ಚೀಟಿಗಳಲ್ಲಿ ಮೂರು ಸಂಗತಿ ನೋಡಿದರೆ ಸಾಕು. ನಮ್ಮ ಪಾಲಿನ ಯೂನಿಟ್ ಎಷ್ಟು, ಸಾಧಾರಣ ತಿಂಗಳಲ್ಲಿ ಎಷ್ಟು ಬರುತ್ತದೆ, 200ರ ಅಕ್ಕಪಕ್ಕ ಸುಳಿದಾಡುವ ತಿಂಗಳು ಎಷ್ಟಿವೆ. ಹಿಂದಿನ ಬಳಕೆಯ ಲೆಕ್ಕವೇ ಇಲ್ಲದ ಹೊಸ ಮನೆಯಾದರೆ ಪಾಲು 58 ಯೂನಿಟ್ ಮಾತ್ರ. ಅಂಥವರು ಹೆಚ್ಚಿನ ಯೂನಿಟ್ಟುಗಳಿಗೆಲ್ಲ ದುಡ್ಡು ಕೊಡುವವರು, ಸೋದರಳಿಯನ ಲೆಕ್ಕವೇ ಅವರಿಗೂ ಹತ್ತಿರ. ಯೋಜನೆ ಹತ್ತು ವರ್ಷ ಹೀಗೇ ಇದ್ದೀತು ಎಂದು ಯಾರೂ ಬರೆದುಕೊಟ್ಟಿಲ್ಲ. ಅದಕ್ಕೇ ನಮ್ಮಂಥ ಬೇಲಿಮೇಲಿನವರು ನೋಡಬೇಕಾದ್ದು ಹತ್ತು ವರ್ಷವನ್ನಲ್ಲ, ಹೆಚ್ಚಿಗೆ ಕೊಟ್ಟದ್ದು ಎಷ್ಟು ಬೇಗ ತೀರುತ್ತದೆ ಎಂಬುದನ್ನು. ಒಂದೂಕಾಲು ವರ್ಷವಾದರೆ ಧೈರ್ಯ ಮಾಡಬಹುದು.

ಇಷ್ಟು ಹೊತ್ತಿಗೆ ಅಂಗಡಿಯ ಹುಡುಗ ನಮ್ಮನ್ನು ಬಿಟ್ಟು ಮಿಕ್ಸಿ ನೋಡಲು ಬಂದವರ ಕಡೆ ಹೋಗಿದ್ದ. ನನಗೆ ಇನ್ನೊಂದು ವಿಚಾರ ಹೊಳೆಯಿತು. ಬೇಕಾಗಿರುವುದು ತಿಂಗಳಿಗೆ 5 ಯೂನಿಟ್ ತಾನೇ? ನಮ್ಮ ಸುಪುತ್ರ ದಿನಾ ರಾತ್ರಿ ಎರಡು ಸಾವಿರ ವಾಟಿನ ಇಂಡಕ್ಷನ್ ಒಲೆಯಲ್ಲಿ ನೂಡಲ್ಸಿಗೆಂದು ನೀರು ಕುದಿಸುತ್ತಾನೆ. ಐದು ನಿಮಿಷದ ಆ ಕುದಿತವೇ ತಿಂಗಳಿಗೆ 5 ಯೂನಿಟ್. ಅದನ್ನು ಗ್ಯಾಸಿನ ಮೇಲಿಟ್ಟರೆ ಗ್ಯಾಸಿನ ನಾಲ್ಕು ಕಾಸು ಹೋಗುತ್ತದೆ, ಕೆಂಪು ಫ್ರಿಜ್ಜು ತಂದರೂ 197ರಲ್ಲೇ ಇರುತ್ತೇವೆ, 5,000 ರೂಪಾಯಿ ಕೈಯಲ್ಲಿ ಉಳಿಯುತ್ತದೆ! ಇದನ್ನು ಬಹಳ ಉತ್ಸಾಹದಿಂದ ನಮ್ಮಾಕೆಗೆ ಹೇಳಿದೆ. ಅವಳು ತರಕಾರಿ ಡಬ್ಬ ಮುಚ್ಚುತ್ತಾ, "ಹತ್ತು ವರ್ಷ, ದಿನಾ ರಾತ್ರಿ, ಅವನಿಗೆ ಒಲೆ ಬದಲಾಯಿಸು ಅಂತ ಹೇಳೋರು ಯಾರು? ನೀವಾ?" ಎಂದಳು. ನಾನು ಮಗನನ್ನು ನೆನೆದುಕೊಂಡೆ. ಮನುಷ್ಯನನ್ನು ಬದಲಾಯಿಸುವುದಕ್ಕಿಂತ ಫ್ರಿಜ್ಜನ್ನು ಬದಲಾಯಿಸುವುದು ಸುಲಭ, ಅದರ ಬೆಲೆಯೂ ಖಚಿತ. ಬೂದಿಗೆ ಮುಂಗಡ ಕೊಟ್ಟೆವು. ಮೇಷ್ಟ್ರಿಗೆ ಕೆಂಪು ಗೊತ್ತುಮಾಡಿದೆವು. ಸೋದರಳಿಯ ಯಶವಂತಪುರದಲ್ಲೂ ಒಮ್ಮೆ ವಿಚಾರಿಸುತ್ತೇನೆಂದು ಹೊರಟ. ಅವನು ಇನ್ನೂ ವಿಚಾರಿಸುತ್ತಲೇ ಇದ್ದಾನೆ.

ಹೊಸದು ಮನೆಗೆ ಬಂದ ದಿನ ನಿಜವಾದ ಚರ್ಚೆ ಶುರುವಾಯಿತು. ಹಳೆಯದಕ್ಕೆ ಅಂಗಡಿಯವರು 1,500 ರೂಪಾಯಿ ಎಕ್ಸ್‌ಚೇಂಜ್ ಕಟ್ಟಿದ್ದರು. "ಹೂಂ, ಒಂದೂವರೆ ಸಾವಿರಕ್ಕೆ ಯಾರು ಕೊಡ್ತಾರೆ! ಮೇಲಿನ ಯುಟಿಲಿಟಿಯಲ್ಲಿ ಇರಲಿ ಬಿಡಿ. ದೋಸೆ ಹಿಟ್ಟು, ಹೂವು, ಹಬ್ಬದಲ್ಲಿ ಮಿಕ್ಕಿದ ಒಬ್ಬಟ್ಟು ಇಡೋಕಾಗುತ್ತೆ" ಎಂದಳು ನಮ್ಮಾಕೆ. ಎಷ್ಟೋ ಮನೆಗಳಲ್ಲಿ ಹೊಸ ಫ್ರಿಜ್ಜಿನ ಹತ್ತು ವರ್ಷದ ಲೆಕ್ಕ ಮುಗ್ಗರಿಸುವುದು ಇಲ್ಲೇ. ಕೆಂಪೋ ಬೂದೋ ಎಂದು ತಿಂಗಳಿಗೆ 5 ಯೂನಿಟ್ಟಿಗಾಗಿ ತಲೆ ಕೆಡಿಸಿಕೊಂಡು, 33 ಯೂನಿಟ್ ತಿನ್ನುವ ಹಳೆಯದನ್ನು ಮಹಡಿಗೆ ಹತ್ತಿಸುತ್ತೇವೆ. ಅದರ ವರ್ಷದ 400 ಯೂನಿಟ್ಟಿಗೆ 2,800 ರೂಪಾಯಿ, ಹತ್ತು ವರ್ಷಕ್ಕೆ 28,000. ಕೆಂಪು ಫ್ರಿಜ್ಜನ್ನು ಹೊಸದಾಗಿ ಕೊಂಡರೂ ಅಷ್ಟಾಗುವುದಿಲ್ಲ. ರಬ್ಬರ್ ಸಡಿಲವಾಗಿರುವಾಗ ಅದು ವರ್ಷ ವರ್ಷವೂ ಇನ್ನಷ್ಟು ತಿನ್ನುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನಮ್ಮ ಮನೆಯಲ್ಲಿ ಅದಕ್ಕಿಂತಲೂ ಕೇಡು. ಬೂದು ಸೇರಿ 175, ಹಳೆಯದರ 33 ಕೂಡಿಸಿ, 208. ಬೇಸಿಗೆಯಿರಲಿ ಚಳಿಯಿರಲಿ, ವರ್ಷದ ಹನ್ನೆರಡು ತಿಂಗಳೂ ಗೆರೆಯಾಚೆ, ಪ್ರತಿ ತಿಂಗಳೂ ಕಡಿಮೆಯೆಂದರೆ 1,456 ರೂಪಾಯಿ. ನಾನು ಕಾಗದ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೋಡು, ಆ ದೋಸೆ ಹಿಟ್ಟು ಮಹಡಿಯಲ್ಲಿ ಮಲಗಿದ್ದಕ್ಕೆ ದಿನಕ್ಕೆ 48 ರೂಪಾಯಿ ಬಾಡಿಗೆ ಬೀಳುತ್ತೆ" ಎಂದೆ. ಅವಳು ಕಾಗದ ಇಸಿದುಕೊಂಡು ಮೇಲಿಂದ ಕೆಳಗೆ ಓದಿದಳು. ಲೆಕ್ಕ ಒಪ್ಪಿಗೆಯಾಯಿತು ಎಂದು ಮುಖದಲ್ಲೇ ಗೊತ್ತಾಯಿತು. ಹಳೇ ಫ್ರಿಜ್ಜು ಅದೇ ಟೆಂಪೋದಲ್ಲಿ ವಾಪಸು ಹೋಯಿತು.

"ಆಯಿತು. ಹೊಸದರಲ್ಲಿ ಹಿಟ್ಟಿನ ದೊಡ್ಡ ಡಬ್ಬಿ ಹಿಡಿಯಲ್ಲ. ಇನ್ನು ಮೇಲೆ ವಾರಕ್ಕೆ ಒಂದರ ಬದಲು ಎರಡು ಸಲ ರುಬ್ಬಬೇಕು" ಎಂದಳು. "ರುಬ್ಬಿದರಾಯಿತು, ಗ್ರೈಂಡರಿಗೆ ಅಂಥ ಕರೆಂಟೇನೂ ಬೇಡ" ಎಂದೆ ಧಾರಾಳವಾಗಿ.

"ಕರೆಂಟ್ ಅಲ್ಲ ರೀ, ರುಬ್ಬೋರು ಬೇಕು" ಎಂದು ಉದ್ದಿನಬೇಳೆಯ ಡಬ್ಬಿಯನ್ನು ನನ್ನ ಕೈಗಿಟ್ಟಳು. ಈ ಒಂದು ಬಾಬ್ತನ್ನು ಹತ್ತು ವರ್ಷದ ಲೆಕ್ಕದಲ್ಲಿ ಯಾವ ಕಾಲಮ್ಮಿಗೆ ಹಾಕಬೇಕು ಎಂದು ಮೇಷ್ಟ್ರನ್ನು ಕೇಳಿದೆ. ಅವರು ತಮ್ಮ ಕೆಂಪು ಫ್ರಿಜ್ಜಿನಿಂದ ಒಂದು ಲೋಟ ತಣ್ಣನೆಯ ಮಜ್ಜಿಗೆ ತಂದು ಕೊಟ್ಟು, ಅದು ಮಾತ್ರ ಸಿಲಬಸ್ಸಿನಲ್ಲಿ ಇರಲಿಲ್ಲ ಎಂದರು.